ಅಕ್ಕ ಮಾತ್ರ ಕೇಳಬೇಕಾದ ಮಾತು

ಕೆಲೇಪಿಯ ತಾಪತ್ರಯವೆಲ್ಲ ಶುರುವಾದದ್ದು ಅವನ ಹೆಂಡತಿ ಸೇನಿ ಬೆಳಗ್ಗೆ ಗೆಣಸು ಸುಲಿಯುತ್ತಾ ಆಡಿದ ಒಂದೇ ಒಂದು ಮಾತಿನಿಂದ.

"ರೀ, ನಿಮ್ಮಕ್ಕ ಮಧ್ಯಾಹ್ನ ಗಂಡನ ಜೊತೆ ವಿಮಾನ ಹತ್ತಿ ಆಕ್ಲೆಂಡಿಗೆ ಹೊರಟೋಗ್ತಾಳೆ. ನೀವು ಅವಳಿಗೆ ಏನೂ ಹೇಳಲ್ವಾ?"

"ಊಟದ ಮನೇಲಿ ಹಿರಿಯರು ಹೇಳ್ತಾರಲ್ಲ, ಊರಿನ ಪರವಾಗಿ."

"ಹಿರಿಯರು ಹೋದ ವರ್ಷ ಪೋಸ್ಟ್ ಮಾಸ್ಟರ್ ವರ್ಗವಾದಾಗಲೂ ಅದನ್ನೇ ಹೇಳಿದ್ರು. ಹೆಸರು ಬದಲಾಯಿಸೋದು ಮರೆತು ಇವತ್ತು ನಿಮ್ಮಕ್ಕ ಲೂಪೇನೂ ಪೋಸ್ಟ್ ಮಾಸ್ಟರ್ ಮಾಡಿಬಿಟ್ಟಾರು. ಒಡಹುಟ್ಟಿದೋರು ನೀವು. ಬಾಯಿಬಿಟ್ಟು ಒಂದು ಮಾತು ಬೇಡವಾ?"

ಕೆಲೇಪಿ ಕೈಯಲ್ಲಿದ್ದ ಗೆಣಸನ್ನು ಹಾಗೇ ಹಿಡಿದು ಕೂತ. ಸೇನಿ ಪಕ್ಕದ ದ್ವೀಪದವಳು, ನಾಲಗೆ ಸಲೀಸು. ಅವನ ಕಷ್ಟ ಅವಳಿಗೆ ಗೊತ್ತಿಲ್ಲವೆಂದಲ್ಲ; ಗೊತ್ತಿದ್ದೂ ಕೆಣಕುತ್ತಿದ್ದಳು.

ಇವರಿರುವ ಫೋಆ ದ್ವೀಪದಲ್ಲಿ ಅಕ್ಕತಮ್ಮಂದಿರು ಬಾಯಿಬಿಟ್ಟು ಮಾತಾಡುವುದು ಅಷ್ಟು ಸುಲಭವಲ್ಲ. ಮೀಸೆ ಚಿಗುರುವ ಮುಂಚೆಯೇ ತಮ್ಮನನ್ನು ಅಂಗಳದಾಚೆಯ ಗಂಡುಹುಡುಗರ ಗುಡಿಸಲಿಗೆ ಅಟ್ಟುತ್ತಾರೆ. ಅಲ್ಲಿಂದ ಮುಂದೆ ಅಕ್ಕನೆಂದರೆ ದೇವರ ಲೆಕ್ಕ. ಅವಳ ಮಾತನ್ನು ಮೀರುವಂತಿಲ್ಲ, ಅವಳೆದುರು ತಮಾಷೆ ಮಾಡುವಂತಿಲ್ಲ. ಬಟ್ಟೆ, ಹಾಸಿಗೆ, ಸ್ನಾನ, ಪ್ರೀತಿಪ್ರೇಮ ಇವುಗಳ ಹೆಸರನ್ನೂ ಇಬ್ಬರೂ ಇರುವಲ್ಲಿ ಎತ್ತುವಂತಿಲ್ಲ. ಬೇರೆ ಯಾರಾದರೂ ಎತ್ತಿದರೆ ಇಬ್ಬರೂ ಎದ್ದು ಒಬ್ಬೊಬ್ಬರು ಒಂದೊಂದು ಬಾಗಿಲಿಂದ ಹೊರನಡೆಯಬೇಕು. ಪೇಟೆಯ ಜನ ಈಗ ಇದನ್ನೆಲ್ಲ ಸಡಿಲಿಸಿದ್ದಾರೆ, ಇವರ ಊರು ಸಡಿಲಿಸಿಲ್ಲ. ಅದರ ಮೇಲೆ ದೊಡ್ಡಪ್ಪ ಚಿಕ್ಕಪ್ಪ ಅತ್ತೆ ಮಾವಂದಿರ ಮಕ್ಕಳೆಲ್ಲ ಒಡಹುಟ್ಟಿದವರ ಲೆಕ್ಕವೇ. ಹೀಗಾಗಿ ಗಂಡ ತಾನಿಯೇಲನನ್ನು ಬಿಟ್ಟರೆ ಊರಿನ ಗಂಡಸರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಲೂಪೆಗೆ ಅಣ್ಣತಮ್ಮಂದಿರೇ, ಪಾದ್ರಿಗಳನ್ನೂ ಸೇರಿಸಿ.

"ಏನು ಹೇಳಲಿ?" ಎಂದ ಕೆಲೇಪಿ. "ನಮ್ಮ ಚಿಕ್ಕಂದಿನಲ್ಲಿ ನೆನಪಿಡೋ ಹಾಗಿರೋದೆಲ್ಲ ಹೇಳಬಾರದ್ದೇ."

"ಎದುರಿಗೆ ಹೇಳಬೇಡಿ. ಫೋನಿನಲ್ಲಿ ಮಾತು ತುಂಬಿಸಿ ಭಾವನಿಗೆ ಕಳಿಸಿ. ವಿಮಾನ ಮೇಲಕ್ಕೆ ಹೋದಮೇಲೆ ಅವರು ಅವಳ ಕಿವಿಗೆ ಹಾಕ್ತಾರೆ. ಆಕಾಶದಲ್ಲಿ ನಿಮ್ಮಕ್ಕನಿಗೆ ತಮ್ಮಂದಿರು ಇರ್ತಾರಾ?"

ಕೆಲೇಪಿಯ ಎದೆ ಬಕೆಟ್ಟಿನಲ್ಲಿ ಹಾಕಿದ ಮೀನಿನ ಹಾಗೆ ಒಮ್ಮೆ ಎಗರಿತು. ಇಷ್ಟು ಸುಲಭದ ದಾರಿ ತನಗೆ ಯಾಕೆ ಹೊಳೆಯಲಿಲ್ಲ! ಮೂವತ್ತು ವರ್ಷದಿಂದ ಎದೆಯೊಳಗೆ ಮುಚ್ಚಿಟ್ಟದ್ದನ್ನು ಅಕ್ಕ ಒಬ್ಬಳೇ ಕೇಳುತ್ತಾಳೆ, ಬೇರೆ ಯಾರೂ ಕೇಳುವುದಿಲ್ಲ. ಅವಳು ನಗುತ್ತಾಳೆ, ಅಳುತ್ತಾಳೆ, ಮರ್ಯಾದೆಗೂ ಏಟಿಲ್ಲ. ಗೆಣಸನ್ನು ಸೇನಿಯ ಮಡಿಲಿಗೆ ಎಸೆದು, ಫೋನ್ ಹಿಡಿದುಕೊಂಡು ಮನೆಯ ಹಿಂದಕ್ಕೆ ಓಡಿದ.

ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಶುರುಮಾಡಿದಮೇಲೆ ಬಾಯಿ ತನ್ನಷ್ಟಕ್ಕೆ ರೂಢಿಯ ಹಾದಿ ಹಿಡಿಯಿತು. ಮೊದಲು ದೇವರಿಗೆ ವಂದನೆ, ಆಮೇಲೆ ಅರಸರಿಗೆ, ಅರಸರ ಸಂತತಿಗೆ, ದ್ವೀಪದ ಒಡೆಯರಿಗೆ, ಅವರ ಪರಿವಾರಕ್ಕೆ, ಧರ್ಮಗುರುಗಳಿಗೆ, ಹಾಜರಿದ್ದ ಹಿರಿಯರಿಗೆ, ಹಾಜರಿಲ್ಲದ ಹಿರಿಯರಿಗೆ. ಹಾಜರಿದ್ದದ್ದು ಒಂದು ಹಂದಿ, ಎರಡು ಕೋಳಿ. ಇವನಿನ್ನೂ 'ನನ್ನಂಥ ಅಲ್ಪನು ತುಟಿ ತೆರೆಯುವುದು ತಪ್ಪಾದರೂ' ಎನ್ನುವಲ್ಲಿಗೆ ಬರುವಷ್ಟರಲ್ಲಿ ಕಿಟಕಿಯಿಂದ ಸೇನಿಯ ತಲೆ ಹೊರಬಂತು.

"ರೀ, ಅಕ್ಕನಿಗೆ ಹೇಳ್ತಿದ್ದೀರೋ, ಅರಮನೆ ಬಾಗಿಲು ತೆಗೆಸ್ತಿದ್ದೀರೋ? ಅವಳು ಆಕ್ಲೆಂಡ್ ಸೇರಿದಮೇಲೂ ನೀವಿನ್ನೂ ವಂದನೆಯಲ್ಲೇ ಇರ್ತೀರಿ."

ಅದನ್ನು ಅಳಿಸಿ, ನೆಲದೊಳಗೆ ಕಲ್ಲು ಕಾಯಿಸಿ ಬೇಯಿಸುವ ಉಮು ಒಲೆಯ ಗುಂಡಿಯ ಹತ್ತಿರ ಹೋದ. ಅಲ್ಲಿ ಚಿಕ್ಕಪ್ಪನ ಮಗ ಫೀನೌ ನಾಲ್ಕು ಜನರೊಂದಿಗೆ ಕೆಂಡದ ಕಲ್ಲು ಹರಡುತ್ತಿದ್ದ. ಎಲ್ಲರೂ ಲೂಪೆಯ ತಮ್ಮಂದಿರೇ.

"ಏನಣ್ಣ, ಫೋನಿಗೆ ಮುತ್ತು ಕೊಡೋ ಹಾಗೆ ಹಿಡ್ಕೊಂಡಿದ್ದೀಯಲ್ಲ?" ಎಂದ ಫೀನೌ.

"ಹವಾಮಾನ ನೋಡ್ತಿದ್ದೆ."

"ತಲೆ ಎತ್ತಿದ್ರೆ ಕಾಣುತ್ತೆ."

ಅಲ್ಲಿಂದಲೂ ಕಾಲುಕಿತ್ತ. ಕೊನೆಗೆ ಮರಗೆಣಸಿನ ತೋಟದ ನಡುವೆ, ಆಳೆತ್ತರದ ಗಿಡಗಳ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ವಂದನೆಗಿಂದನೆ ಬಿಟ್ಟು ನೇರವಾಗಿ "ಅಕ್ಕಾ" ಎಂದ. ಅಷ್ಟೇ. ಮಾತು ತೂತುಬಿದ್ದ ಗಡಿಗೆಯಿಂದ ನೀರು ಹರಿದಂತೆ ಹರಿಯಿತು. ಸೊಳ್ಳೆಪರದೆ ಬಂತು, ಹರಿದ ಚಡ್ಡಿ ಬಂತು, ಹಂದಿಯ ಕಿವಿ ಬಂತು, ತೆಂಗಿನ ಚಿಪ್ಪಿನ ಸದ್ದು ಬಂತು. ಹೇಳುತ್ತಾ ಹೇಳುತ್ತಾ ಅವನೇ ನಕ್ಕ, ಅವನೇ ಮೂಗು ಒರೆಸಿಕೊಂಡ. "ಸರಿ ಅಕ್ಕ, ಹೋಗಿ ಬಾ" ಎಂದು ಮುಗಿಸಿ ಉಸಿರು ಬಿಟ್ಟ.

"ಇಷ್ಟೇನಾ?" ಎಂದಿತು ಮರಗೆಣಸಿನ ಗಿಡ.

ಕೆಲೇಪಿ ಹಿಂದಕ್ಕೆ ಬಿದ್ದ. ಗಿಡಗಳನ್ನು ಸರಿಸಿಕೊಂಡು, ಕೈಯಲ್ಲಿ ಕುಡುಗೋಲು ಹಿಡಿದ ತೆಮಲೇತಿ ಅತ್ತೆ ಹೊರಬಂದಳು. ಅವಳು ಭಾವ ತಾನಿಯೇಲನ ಸೋದರತ್ತೆ, ಅಂದರೆ ಅವನ ತಂದೆಯ ಅಕ್ಕ. ಆ ಮನೆತನದಲ್ಲಿ ಸೋದರತ್ತೆಗಿಂತ ಮೇಲೆ ಇರುವುದು ಚರ್ಚಿನ ಗಂಟೆಯೊಂದೇ. ಹತ್ತು ವರ್ಷದಿಂದ ಅವಳು ಲೂಪೆಯ ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಉಪ್ಪು ಖಾರದಿಂದ ಹಿಡಿದು ಬಟ್ಟೆ ಒಣಹಾಕುವ ದಿಕ್ಕಿನವರೆಗೆ ಎಲ್ಲವನ್ನೂ ತಿದ್ದಿದ್ದಳು. ವಿಮಾನ ಹತ್ತಲಾರೆ ಎಂದು ಹಟ ಹಿಡಿದದ್ದರಿಂದ ಅವಳನ್ನು ರಾಜಧಾನಿಯಲ್ಲಿರುವ ತಾನಿಯೇಲನ ಇನ್ನೊಬ್ಬ ಬಂಧುವಿನ ಮನೆಗೆ ಸಂಜೆಯ ದೋಣಿಯಲ್ಲಿ ಕಳಿಸುವುದೆಂದು ತೀರ್ಮಾನವಾಗಿತ್ತು. ಆ ಬಂಧುವಿನ ಹೆಂಡತಿ ಸುದ್ದಿ ಕೇಳಿದ ದಿನವೇ ಜ್ವರ ಬಂದು ಮಲಗಿದ್ದಾಳೆಂದು ವರ್ತಮಾನ. ಅತ್ತೆಗಂತೂ ಊರು ಬಿಡುವ ಮನಸ್ಸಿರಲಿಲ್ಲ. ಅವಳು ಯಾರ ಮನೆಯ ಕಡೆ ನೋಡಿದರೂ ಆ ಮನೆಯವರು ಬಾಗಿಲು ಹಾಕಿಕೊಂಡು ಬೈಬಲ್ ಓದತೊಡಗುತ್ತಿದ್ದರು.

"ಅತ್ತೆ, ನೀವು... ಎಲ್ಲಾ ಕೇಳಿಸ್ಕೊಂಡ್ರಾ?"

"ಕಿವಿ ಮನೇಲಿ ಬಿಟ್ಟು ಬಂದಿರಲಿಲ್ಲ. ಹೆದರ್ಬೇಡ, ನಾನೇನು ನಿನಗೆ ಅಕ್ಕ ಅಲ್ಲ, ತಂಗಿ ಅಲ್ಲ. ನನಗೆ ಕೇಳೋಕೆ ಅಡ್ಡಿಯಿಲ್ಲ." ಅತ್ತೆ ಬದುವಿನ ಮೇಲೆ ಕೂತಳು. "ಚೆನ್ನಾಗಿದೆ. ಆದರೆ ಅರ್ಧಂಬರ್ಧ. ಬರೀ ನೆನಪು ಹೇಳಿದ್ರೆ ಸಾಕಾ? ಅವಳು ಯಾರ ಜೊತೆ ಹೋಗ್ತಿದ್ದಾಳೆ?"

"ಭಾವನ ಜೊತೆ."

"ಮತ್ತೆ ಅವನಿಗೆ ಒಂದು ಮಾತು ಬೇಡವಾ? ನನ್ನ ಅಳಿಯ ಅಂದ್ರೆ ಗಂಟುಮೂಟೆ ಹೊರೋ ಕತ್ತೆಯಾ? ಆಮೇಲೆ ಬುದ್ಧಿವಾದ. ಚಳಿ ಊರು, ಬೆಚ್ಚಗಿರು, ಚರ್ಚು ಬಿಡಬೇಡ, ಮಕ್ಕಳಾದ್ರೆ ನಮ್ಮ ಮಾತು ಕಲಿಸು ಅಂತ. ಅದೆಲ್ಲ ಆದಮೇಲೆ ಕೊನೇಲಿ ಒಂದು ಭರವಸೆ."

"ಭರವಸೆ ಯಾಕತ್ತೆ?"

"ಅಯ್ಯೋ ಪೆದ್ದ! ದೂರ ಹೋಗೋರಿಗೆ ಹಿಂದೆ ಬಿಟ್ಟದ್ದರ ಚಿಂತೆ. 'ನೀನು ಬಿಟ್ಟು ಹೋಗಿರೋದನ್ನೆಲ್ಲ ನಾನು ನನ್ನದು ಅಂತ ನೋಡ್ಕೋತೀನಿ' ಅಂದ್ರೆ ಅವಳ ಜೀವಕ್ಕೆ ಎಷ್ಟು ತಂಪು! ಭರವಸೆ ಇಲ್ಲದ ಬೀಳ್ಕೊಡುಗೆ ಕಾಯಿಹಾಲು ಇಲ್ಲದ ಸೊಪ್ಪಿನ ಹಾಗೆ."

ಕೆಲೇಪಿಗೆ ಕಣ್ಣು ತುಂಬಿ ಬಂತು. ಅಕ್ಕನ ಅಂಗಳದ ದೀವಿಹಲಸಿನ ಮರ, ಅಪ್ಪ ಅಮ್ಮನ ಸಮಾಧಿಯ ಮೇಲೆ ಅವಳು ಪ್ರತಿ ಭಾನುವಾರ ಹರಡುತ್ತಿದ್ದ ಬಿಳಿಯ ಮರಳು ಕಣ್ಣಮುಂದೆ ಬಂದವು. ಊರೆಲ್ಲ ಈ ಮುದುಕಿಯನ್ನು ಬಾಯಿಬಡುಕಿ ಎನ್ನುತ್ತದೆ. ಒಳಗೆ ಎಂಥ ಹೃದಯ! ಮತ್ತೆ ಮೊದಲಿಂದ ಹೇಳಿದ. ಅತ್ತೆ ಎದುರಿಗೇ ಕೂತು ಕೈಯಾಡಿಸುತ್ತಾ, ಜೋರಾಗಬೇಕಾದಲ್ಲಿ ಕೈ ಎತ್ತಿ, ಮೆತ್ತಗಾಗಬೇಕಾದಲ್ಲಿ ಇಳಿಸಿ, ಚರ್ಚಿನ ಹಾಡಿನ ಮೇಸ್ಟ್ರ ಹಾಗೆ ನಡೆಸಿದಳು. ಭರವಸೆಯ ಮಾತು ಬಂದಾಗಲಂತೂ ಎರಡೂ ಕೈ ಎತ್ತಿದಳು.

"ಬಹಳ ಚೆನ್ನಾಯ್ತು. ಇದನ್ನ ಅವಳು ಕೇಳೋದು ಯಾವಾಗ?"

"ಆಕಾಶದಲ್ಲಿ."

"ಅಷ್ಟೆತ್ತರಕ್ಕೆ ಹೋದಮೇಲೆ ಇಲ್ಲಿ ಯಾರಿಗೇನು ಪ್ರಯೋಜನ" ಎಂದು ಗೊಣಗಿಕೊಂಡು ಅತ್ತೆ ಎದ್ದುಹೋದಳು. ಮುದುಕರ ಗೊಣಗಾಟವೆಂದು ಕೆಲೇಪಿ ಅದನ್ನು ಅಲ್ಲಿಗೇ ಬಿಟ್ಟ.

ಊರಿನಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಚರ್ಚಿನ ಮೆಟ್ಟಿಲ ಮೇಲೆ. ಅಲ್ಲಿ ನಿಂತು ಭಾವನ ಫೋನಿಗೆ ಕಳಿಸಿದ. ಕೆಳಗೆ ಇನ್ನೊಂದು ಸಾಲು ಬರೆದ: 'ಭಾವ, ವಿಮಾನದೊಳಗೆ ಮಾತ್ರ. ಅಕ್ಕನ ಕಿವಿಗೆ ಮಾತ್ರ.' ಗುರುತು ಬಿತ್ತು, ಸಂದೇಶ ಹೋಯಿತು. ಕೆಲೇಪಿ ಕುಣಿಯುವುದೊಂದು ಬಾಕಿ. ಅಲ್ಲಿಂದ ನೇರ ಭಾವನ ಮನೆಗೆ ಹೋದ. ತಾನಿಯೇಲ ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಅರ್ಧ ತಲೆ ಆಕ್ಲೆಂಡ್, ಇನ್ನರ್ಧ ಇನ್ನೂ ಫೋಆ.

"ಭಾವ, ಬಂತಾ?"

"ಏನು?"

"ಫೋನಿಗೆ ಒಂದು ಕಳಿಸಿದ್ದೆ."

"ಫೋನ್ ನನ್ನ ಹತ್ರ ಎಲ್ಲಿದೆ? ಫೀನೌ ಇಸ್ಕೊಂಡು ಹೋದ. ಊಟದ ಮನೆಯ ಸ್ಪೀಕರಿಗೆ ಹಾಡು ಹಾಕೋಕೆ. ಕೀರ್ತನೆ ಎಲ್ಲಾ ಅದರಲ್ಲೇ ಇರೋದು."

ಆ ಸ್ಪೀಕರ್ ಕೆಲೇಪಿ ನೋಡಿದ್ದ. ಹಂದಿಗೂಡಿನಷ್ಟು ದೊಡ್ಡದು, ಕೆಮ್ಮಿದರೆ ಪಕ್ಕದ ದ್ವೀಪದ ನಾಯಿಗಳು ಬೊಗಳುತ್ತವೆ.

ತಿರುಗಿ ಓಡಬೇಕು, ಅಷ್ಟರಲ್ಲಿ ಒಳಗಿಂದ ತೆಮಲೇತಿ ಅತ್ತೆಯ ಕೂಗು. "ಕೆಲೇಪೀ! ಒಳ್ಳೇ ಹೊತ್ತಿಗೆ ಬಂದೆ. ನನ್ನ ಪೆಟ್ಟಿಗೆ ಎತ್ತಿ ಗಾಡಿಗೆ ಹಾಕು."

"ಅತ್ತೆ, ಅರ್ಜೆಂಟು..."

"ನನ್ನ ದೋಣಿಗಿಂತ ಅರ್ಜೆಂಟಾ?"

ಹಿರಿಯ ಹೆಂಗಸಿಗೆ ಇಲ್ಲವೆನ್ನುವುದು ಅವನಿಗೆ ಬರುತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಅವಳು ಇಡೀ ದ್ವೀಪವನ್ನೇ ಮಡಿಸಿಟ್ಟಿದ್ದಳೋ ಏನೋ. ಪೆಟ್ಟಿಗೆ ಆಯಿತು, ಕೆಟಲ್ ಬಂತು, ಕುರ್ಚಿ ಬಂತು, ಚಾಪೆಯ ಸುರುಳಿ ಬಂತು, ಚಹಾಪುಡಿಯ ಡಬ್ಬಿಗಳು ಬಂದವು. ಬೆವರು ಸುರಿಸುತ್ತಾ ಎಲ್ಲವನ್ನೂ ತನ್ನ ಕೈಯಾರೆ ಗಾಡಿಗೆ ಹೇರಿ ತಿರುಗಿದರೆ ಅತ್ತೆ ಆಗಲೇ ಊಟದ ಮನೆಯ ಕಡೆ ಸರಸರ ಹೋಗುತ್ತಿದ್ದಳು.

ಇವನೂ ಓಡಿದ. ಚರ್ಚಿನ ಹತ್ತಿರ ಪಾದ್ರಿಗಳು ಅಡ್ಡಹಾಕಿದರು. "ಕೆಲೇಪಿ, ದೊಡ್ಡ ಹಂದಿ ಹೊರೋಕೆ ಒಬ್ಬರು ಕಮ್ಮಿ ಇದ್ದಾರಪ್ಪ. ಅಕ್ಕನ ಊಟಕ್ಕೆ ತಮ್ಮ ಹೆಗಲು ಕೊಡದಿದ್ರೆ ಹೇಗೆ?" ಸುಟ್ಟ ಹಂದಿಯ ಒಂದು ತುದಿ ಅವನ ಹೆಗಲ ಮೇಲೆ ಕೂತಿತು. ಹೊತ್ತುಕೊಂಡು ಒಳಗೆ ಕಾಲಿಟ್ಟಾಗ ಊರಿಗೆ ಊರೇ ಅಲ್ಲಿತ್ತು. ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ಗಂಡಸರು, ನಡುವೆ ಬಾಳೆಲೆಯ ಮೇಲೆ ಗೆಣಸಿನ ಗುಡ್ಡ, ಕಾಯಿಹಾಲಿನ ಸೊಪ್ಪಿನ ಪೊಟ್ಟಣಗಳು, ಕಲ್ಲಂಗಡಿ. ಅಕ್ಕ ದ್ವೀಪದ ಮರ್ಯಾದೆಯ ಉಡುಪಿನ ರೂಢಿಯಂತೆ ಸೊಂಟಕ್ಕೆ ಅಮ್ಮನ ಹಳೆಯ ನವುರು ಚಾಪೆ ಸುತ್ತಿಕೊಂಡು, ಕೊರಳ ತುಂಬ ಮಿಠಾಯಿಯ ಹಾರ ಹಾಕಿಕೊಂಡು ಕೂತಿದ್ದಳು. ಆ ದೊಡ್ಡ ಮೈಯ ಮೇಲೆ ಮುಖ ಮಾತ್ರ ಚಿಕ್ಕ ಹುಡುಗಿಯದಾಗಿತ್ತು.

ಮೂಲೆಯ ಮೇಜಿನ ಮೇಲೆ ಸ್ಪೀಕರ್. ಅದರ ಪಕ್ಕ ಫೀನೌ. ಫೀನೌನ ಪಕ್ಕ ತೆಮಲೇತಿ ಅತ್ತೆ, ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು.

ಹಂದಿಯ ಭಾರದಡಿಯಿಂದ ಕೆಲೇಪಿ ಹುಬ್ಬು ಹಾರಿಸಿದ, ತಲೆಯಾಡಿಸಿದ, ನಾಲಗೆ ಹೊರಹಾಕಿದ. ಫೀನೌ ಸಂತೋಷದಿಂದ ಕೈಬೀಸಿ ಗುಂಡಿ ಒತ್ತಿದ.

"ಅಕ್ಕಾ" ಎಂದು ಕೆಲೇಪಿಯ ದನಿ ತಗಡಿನ ಮಾಡು ನಡುಗುವಂತೆ ಮೊಳಗಿತು. "ನಾನು ಕೆಲೇಪಿ. ನಾವಿಬ್ಬರೂ ಚಿಕ್ಕೋರಿದ್ದಾಗ ಒಂದೇ ಸೊಳ್ಳೆಪರದೆಯೊಳಗೆ ಮಲಗ್ತಿದ್ವಲ್ಲ, ನೆನಪಿದೆಯಾ?"

ಗಂಡಸರ ಮೊದಲ ಸಾಲು ಮುಳ್ಳು ಚುಚ್ಚಿದಂತೆ ಎದ್ದು ನಿಂತಿತು.

"ನಾನು ನಿದ್ದೇಲಿ ಒದೀತಿದ್ದೆ ಅಂತ ನೀನು ನನ್ನ ಕಾಲನ್ನ ನಿನ್ನ ಲಂಗದ ತುದಿಗೆ ಕಟ್ಟಿ ಹಾಕ್ತಿದ್ದೆ..."

ಲಂಗ! ಎರಡನೆಯ ಸಾಲೂ ಎದ್ದಿತು. ಮೂರನೆಯ ಸಾಲು ಎದ್ದ ಮೇಲೆ ಅದು ಸಾಲಾಗಿ ಉಳಿಯಲಿಲ್ಲ. ಅಣ್ಣತಮ್ಮಂದಿರೆಲ್ಲ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಲ್ಲ, ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ನುಗ್ಗಿದರು. ಬಾಗಿಲು ಸಾಲದೆ ಕೆಲವರು ಕಿಟಕಿ ಹತ್ತಿದರು. ಊರ ಹಿರಿಯರು ತಮ್ಮ ಬೀಳ್ಕೊಡುಗೆ ಭಾಷಣವನ್ನು ಅರ್ಧ ನುಂಗಿಕೊಂಡೇ ಓಡಿದರು. ಪಾದ್ರಿಗಳು ಒಂದು ಕೈಯಲ್ಲಿ ಪ್ರಾರ್ಥನಾ ಪುಸ್ತಕ, ಇನ್ನೊಂದರಲ್ಲಿ ಹಂದಿಯ ತೊಡೆ ಹಿಡಿದು, ಯಾವುದನ್ನು ಬಿಟ್ಟು ಕಿವಿ ಮುಚ್ಚಬೇಕೆಂದು ತಿಳಿಯದೆ, ಎರಡನ್ನೂ ಕಿವಿಗೆ ಒತ್ತಿಕೊಂಡು ಹೊರಟರು. ಯಂತ್ರ ಆರಿಸಲು ಗೊತ್ತಿದ್ದವನು ಫೀನೌ ಒಬ್ಬನೇ. ಅವನೂ ತಮ್ಮನೇ, ಹಾಗಾಗಿ ಎಲ್ಲರಿಗಿಂತ ಮುಂದೆ ಅವನೇ ಓಡಿದ್ದ. ಫೋನಿನ ಒಡೆಯ ತಾನಿಯೇಲ ಕ್ಷೌರ ಮುಗಿಸಿ ಇನ್ನೂ ಬಂದಿರಲಿಲ್ಲ.

"ಆರಿಸ್ರೇ ಅದನ್ನ!" ಎಂದಳೊಬ್ಬ ಹೆಂಗಸು.

"ಯಾಕೆ ಆರಿಸ್ಬೇಕು? ಗಂಡಸರು ಹೋದ್ರಲ್ಲ. ಜೋರು ಮಾಡು" ಎಂದಳು ಸೇನಿ, ಮಡಿಲಿಗೆ ಕಲ್ಲಂಗಡಿ ಎಳೆದುಕೊಳ್ಳುತ್ತಾ.

ಕೆಲೇಪಿ ಹಂದಿಯನ್ನು ಎಲ್ಲಿ ಬಿಟ್ಟನೋ ಅವನಿಗೇ ತಿಳಿಯದು. ಮುಂಬಾಗಿಲಿಂದ ಹಾರಿ, ಎಡಕ್ಕೆ ತಿರುಗಿ, ಗೋಡೆಯ ಪಕ್ಕ ಅಡುಗೆಗುಡಿಸಲಿನ ಹಿಂದಕ್ಕೆ ಓಡಿದ. ಅಕ್ಕನೂ ಅಕ್ಕನ ಮರ್ಯಾದೆ ಕಾಯಲು ಹಿಂಬಾಗಿಲಿಂದ ಹೊರಟವಳು ಬಲಕ್ಕೆ ತಿರುಗಿ ಅದೇ ಗುಡಿಸಲಿನ ಹಿಂದಕ್ಕೆ ಓಡಿಬಂದಳು. ಮಿಠಾಯಿಯ ಹಾರ ಒಂದು ಕಡೆಯಿಂದ, ಬೆವರಿದ ಅಂಗಿ ಇನ್ನೊಂದು ಕಡೆಯಿಂದ ಬಂದು ಡಿಕ್ಕಿ ಹೊಡೆದವು.

ಮುಂದೆ ಓಡಲು ದಾರಿಯಿರಲಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಂದಿಗೂಡು, ಹಿಂದೆ ಇಬ್ಬರೂ ಓಡಿಬಂದ ಹಾದಿಗಳ ತುಂಬ ಗಂಡಸರು. ಇಬ್ಬರೂ ತಟ್ಟನೆ ಬೆನ್ನು ತಿರುಗಿಸಿ ನಿಂತರು. ಅವನ ಎದುರು ಹಂದಿಗಳು, ಅವಳ ಎದುರು ಸುಲಿದು ಎಸೆದ ತೆಂಗಿನ ಚಿಪ್ಪಿನ ರಾಶಿ. ತಗಡಿನ ಗೋಡೆಯಾಚೆಯಿಂದ ಕೆಲೇಪಿಯ ದನಿ ಸಾಗುತ್ತಲೇ ಇತ್ತು.

"ನನ್ನ ಶಾಲೆ ಚಡ್ಡಿ ಹರಿದಾಗ ನೀನು ನಿನ್ನ ಹೂವಿನ ಲಂಗ ಕತ್ತರಿಸಿ ಹಿಂದೆ ತೇಪೆ ಹಾಕಿದೆ. ಹುಡುಗರೆಲ್ಲ ನನ್ನನ್ನ ಹೂದೋಟ ಅಂತ ಕರೆದ್ರು. ನೀನು ಅವರನ್ನ ಅಟ್ಟಿಸಿಕೊಂಡು ಹೋಗಿ ಹೊಡೆದೆ. ಲಂಗ ಕತ್ತರಿಸಿದ್ದಕ್ಕೆ ಅಮ್ಮನ ಕೈಲಿ ನೀನು ಹೊಡೆಸಿಕೊಂಡೆ. ಹಬ್ಬದ ದಿನ ಹಂದಿಯ ಗರಿಗರಿ ಕಿವಿನ ಕೀರ್ತನೆ ಪುಸ್ತಕದೊಳಗೆ ಮುಚ್ಚಿಟ್ಟು ನನಗೆ ತಂದುಕೊಡ್ತಿದ್ದೆ. ಆ ಪುಟದಲ್ಲಿ ಎಣ್ಣೆ ಕಲೆ ಈಗಲೂ ಇದೆ. ಅಲ್ಲಿಗೆ ಬಂದಾಗ ಎಲ್ಲರೂ ದೇವರನ್ನ ನೆನೀತಾರೆ, ನನಗೆ ಬಾಯಲ್ಲಿ ನೀರು ಬರುತ್ತೆ."

ಒಳಗೆ ಹೆಂಗಸರ ನಗು ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಬಿತ್ತು. ಬೆನ್ನಹಿಂದೆ ಮಿಠಾಯಿಯ ಹಾರ ಕುಲುಕುತ್ತಿರುವುದು ಕೆಲೇಪಿಗೆ ಕೇಳಿಸಿತು. ನಗುತ್ತಿದ್ದಾಳೆ! ಅವನ ಮೈಯೆಲ್ಲ ಜುಮ್ಮೆಂದಿತು.

"ಆಮೇಲೆ ನನ್ನನ್ನ ಗಂಡುಹುಡುಗರ ಗುಡಿಸಲಿಗೆ ಕಳಿಸಿದ್ರು. ಮೊದಲನೇ ದಿನ ಕತ್ತಲಲ್ಲಿ ನಾನು ಅಳ್ತಾ ಇದ್ದೆ. ಆಗ ಮನೆ ಕಡೆಯಿಂದ ಸದ್ದು ಬಂತು. ಟಕ್ ಟಕ್. ಎರಡು ಚಿಪ್ಪು ಬಡಿದ ಸದ್ದು. ನಾನಿದ್ದೀನಿ, ಮಲಕ್ಕೋ ಅಂತ. ಮಾತಾಡಬಾರದು ಅಂದಿದ್ರು, ಚಿಪ್ಪು ಬಡೀಬಾರದು ಅಂತ ಯಾರೂ ಅಂದಿರಲಿಲ್ಲ. ನಾನೂ ಬಡಿದೆ. ಅಕ್ಕಾ, ಆಮೇಲೆ ಎಷ್ಟೋ ಜನ ನನಗೆ ಎಷ್ಟೋ ಮಾತು ಹೇಳಿದ್ದಾರೆ, ಅದಕ್ಕಿಂತ ದೊಡ್ಡ ಮಾತು ಯಾವುದೂ ಇಲ್ಲ. ಆ ಊರಲ್ಲಿ ತೆಂಗಿನ ಚಿಪ್ಪು ಸಿಗುತ್ತೋ ಇಲ್ವೋ. ಎರಡು ತಗೊಂಡು ಹೋಗು."

ನಗು ನಿಂತಿತ್ತು. ಒಳಗೆ ಮೂಗು ಸೀಟುವ ಸದ್ದು, ಹೊರಗೆ ಅಲೆಗಳದ್ದು. ಕೆಲೇಪಿ ಹಂದಿಗಳನ್ನೇ ದಿಟ್ಟಿಸುತ್ತಾ ನಿಂತ. ಕಣ್ಣೊಳಗೆ ಹಂದಿಗಳು ಎರಡೆರಡಾಗಿ ಕಂಡವು.

ಬೆನ್ನ ಹಿಂದೆ ಸದ್ದಾಯಿತು. ಟಕ್ ಟಕ್.

ಅವನು ತಿರುಗಲಿಲ್ಲ. ಕೈ ಹಿಂದಕ್ಕೆ ಚಾಚಿದ. ಅಂಗೈಗೆ ಎರಡು ಚಿಪ್ಪು ಬಂದವು. ಅವನೂ ಬಡಿದ. ಮರ್ಯಾದೆ ಎಲ್ಲಿಯೂ ಮುರಿಯಲಿಲ್ಲ. ಇಬ್ಬರೂ ಒಂದು ಮಾತನ್ನೂ ಆಡಿರಲಿಲ್ಲ. ಇಡೀ ದ್ವೀಪದಲ್ಲಿ ತನ್ನಷ್ಟು ಸುಖಿ ಇನ್ನೊಬ್ಬನಿಲ್ಲ ಎನಿಸಿತು ಕೆಲೇಪಿಗೆ.

ಆ ಸುಖ ಒಂದು ಉಸಿರಿನಷ್ಟು ಹೊತ್ತು ಇತ್ತು. ಭಾವನಿಗೆ ಎರಡು ಒಳ್ಳೆಯ ಮಾತು, ಬೆಚ್ಚಗಿರು, ಚರ್ಚು ಬಿಡಬೇಡ ಎಂಬ ಬುದ್ಧಿವಾದ ಎಲ್ಲ ಮುಗಿಸಿ ಸ್ಪೀಕರ್ ಕೊನೆಯ ಸಾಲಿಗೆ ಬಂದಿತ್ತು.

"ಹಿಂದೆ ಬಿಟ್ಟದ್ದರ ಚಿಂತೆ ಮಾಡಬೇಡ ಅಕ್ಕ. ನೀನು ಬಿಟ್ಟು ಹೋಗಿರೋದನ್ನೆಲ್ಲ ನಾನು ನನ್ನದು ಅಂತ ನೋಡ್ಕೋತೀನಿ. ದೇವರಾಣೆ."

ಒಳಗೆ ಕುರ್ಚಿ ಸರಿದ ಸದ್ದು. ಯಾರೋ ಮೈಕಿಗೆ ಉಸಿರು ಊದಿದರು.

"ಕೇಳಿದ್ರೇನ್ರೇ ಎಲ್ಲರೂ?" ಎಂದು ತೆಮಲೇತಿ ಅತ್ತೆಯ ದನಿ ಮೊಳಗಿತು. "ಬಿಟ್ಟು ಹೋಗಿರೋದನ್ನೆಲ್ಲ ನೋಡ್ಕೋತಾನಂತೆ, ದೇವರಾಣೆ. ಇವರು ಬಿಟ್ಟು ಹೋಗ್ತಿರೋದ್ರಲ್ಲಿ ಎಲ್ಲದಕ್ಕಿಂತ ದೊಡ್ಡದು ಯಾವುದು?"

ತಮ್ಮ ತಮ್ಮ ಮನೆಯ ಖಾಲಿ ಕೋಣೆಗಳನ್ನು ನೆನೆದುಕೊಂಡ ಊರ ಹೆಂಗಸರೆಲ್ಲ ಒಂದೇ ಕೊರಳಿನಲ್ಲಿ ಕೂಗಿದರು: "ನೀವೇ ಅತ್ತೆ! ನೀವೇ!" ಕೀರ್ತನೆಯನ್ನೂ ಅವರು ಇಷ್ಟು ಒಮ್ಮನಸ್ಸಿನಿಂದ ಹಾಡಿದ್ದಿಲ್ಲ. ಅದರ ನಡುವೆ "ಅಯ್ಯೋ ದೇವರೇ" ಎಂದ ಒಂಟಿ ದನಿ ಸೇನಿಯದು.

"ಕೆಲೇಪಿ" ಎಂದಳು ಅಕ್ಕ, ಸಮುದ್ರದ ಕಡೆ ಮುಖ ಮಾಡಿ. ಮೂವತ್ತು ವರ್ಷದಲ್ಲಿ ಹೆಸರು ಹಿಡಿದು ಮೊದಲ ಸಲ.

"ಅಕ್ಕ."

"ಆ ಮಾತು ನೀನೇ ಹೇಳಿದ್ದಾ?"

"ನಾನೇ. ಆದರೆ ನನ್ನ ಮನಸ್ಸಲ್ಲಿ ಇದ್ದದ್ದು ನಿನ್ನ ದೀವಿಹಲಸಿನ ಮರ."

ಅಕ್ಕ ಮಿಠಾಯಿಯ ಹಾರವನ್ನು ನಿಧಾನವಾಗಿ ಸರಿಮಾಡಿಕೊಂಡಳು. ಹತ್ತು ವರ್ಷದ ಭಾರ ಹೆಗಲಿಂದ ಇಳಿಯಲು ಅಷ್ಟು ಹೊತ್ತು ಬೇಕಲ್ಲ.

"ಮರ ಏನೂ ಕೇಳಲ್ಲ ಕಣೋ, ಮಳೆ ನೀರು ಕುಡ್ಕೊಂಡಿರುತ್ತೆ. ಅತ್ತೆಗೆ ಚಹಾ ಕಡುವಾಗಿರಬೇಕು, ಸಕ್ಕರೆ ಬೇರೆ ಬಟ್ಟಲಲ್ಲಿ. ಅವರು ಊರು ಬಿಡಬೇಕಲ್ಲ ಅಂತ ಅಳ್ತಿದ್ರು, ಯಾರಿಗೂ ಕಾಣದ ಹಾಗೆ. ನೋಡ್ಕೋ."

ಅಕ್ಕನ ಮಾತು. ಅದಕ್ಕೆ ಎದುರು ಮಾತಿಲ್ಲ.

ವಿಮಾನ ನಿಲ್ದಾಣದಲ್ಲಿ ಅಪ್ಪುಗೆ, ಅಳು, ಹಾಡು ಎಲ್ಲ ಆಯಿತು. ಅಕ್ಕ ಕೈಚೀಲ ಎದೆಗವಚಿಕೊಂಡು ಮೆಟ್ಟಿಲು ಹತ್ತುವಾಗ ಒಳಗೆ ಏನೋ ಟಕ್ಕೆಂದಿತು. ಕಾವಲಿನವನು ತೆಗೆದು ನೋಡಿ, ಎರಡು ಖಾಲಿ ಚಿಪ್ಪು ಕಂಡು, ಲೂಪೆಯ ಮುಖ ನೋಡಿ, ಹಾಗೇ ಒಳಗಿಟ್ಟ.

ವಾಪಸು ಬರುವಾಗ ಗಾಡಿಯಲ್ಲಿ ಫೀನೌ ಕೇಳಿದ. "ಅಣ್ಣ, ಲಂಗದಿಂದ ಮುಂದೆ ಏನಿತ್ತು?"

"ನಿನಗೆ ಹೇಳೋ ಹಾಗಿಲ್ಲ."

"ಹೆಂಗಸರೆಲ್ಲ ನಿನ್ನನ್ನ ಹೂದೋಟ ಅಂತಿದ್ದಾರೆ, ಯಾಕೆ?"

"ಅದೂ ಹೇಳೋ ಹಾಗಿಲ್ಲ. ನೀನು ಆ ಹಾಳು ಗುಂಡಿ ಒತ್ತಿದ್ದಾದ್ರೂ ಯಾಕೆ?"

"ತೆಮಲೇತಿ ಅತ್ತೆ ಹೇಳಿದ್ರು, ಎಲ್ಲಕ್ಕಿಂತ ಮೇಲೆ ಇರೋದೇ ಹೊಸ ಕೀರ್ತನೆ, ಅದನ್ನೇ ಮೊದಲು ಹಾಕು ಅಂತ."

ಕೆಲೇಪಿ ಮನೆ ಸೇರುವಾಗ ಅವನೇ ಹೊತ್ತು ಹೇರಿದ್ದ ಪೆಟ್ಟಿಗೆ ಅವನದೇ ನಡುಮನೆಯಲ್ಲಿತ್ತು. ಕುರ್ಚಿ ಜಗಲಿಯಲ್ಲಿತ್ತು, ಕುರ್ಚಿಯಲ್ಲಿ ಅತ್ತೆ. ಸೇನಿ ಒಲೆಯ ಮುಂದೆ ಕೂತು ಗಂಡನನ್ನು ನೋಡಿದ ನೋಟದಲ್ಲಿ ಉಮು ಒಲೆಯನ್ನೇ ಹೊತ್ತಿಸಬಹುದಿತ್ತು.

"ಅತ್ತೆ" ಎಂದ ಕೆಲೇಪಿ, ಇದ್ದಬದ್ದ ಧೈರ್ಯ ಒಟ್ಟುಗೂಡಿಸಿ. "ಆ ಮಾತು ಹೇಳಿಸಿದ್ದು ನೀವು. ನಾನು ಊರ ಹಿರಿಯರ ಹತ್ರ ನ್ಯಾಯ ಕೇಳ್ತೀನಿ."

"ಧಾರಾಳವಾಗಿ ಕೇಳು. ಹಿರಿಯರು ಏನು ಮಾತು ಅಂತ ಕೇಳ್ತಾರೆ. ಫೋನ್ ಹಾಕಿ ತೋರಿಸು. ಸೊಳ್ಳೆಪರದೆ ಅನ್ನೋಷ್ಟರಲ್ಲಿ ಅವರು ಸಮುದ್ರದಲ್ಲಿರ್ತಾರೆ."

ಅತ್ತೆ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು. ದನಿ ಮೆತ್ತಗಾಯಿತು.

"ಲೋ, ಈ ಊರಲ್ಲಿ ಲೂಪೆ ಚಿಕ್ಕಂದಿನ ಕತೆನ ನೀನು ಯಾರಿಗೆ ಹೇಳ್ತೀಯೋ? ಎಲ್ಲಾ ಅವಳ ಅಣ್ಣತಮ್ಮಂದಿರೇ. ನಾನೊಬ್ಬಳೇ ಕೇಳಬಹುದಾದೋಳು. ನನಗೂ ಆ ಹುಡುಗಿ ಇಲ್ಲದೆ ಹೊತ್ತು ಹೋಗಲ್ಲ. ಹಂದಿ ಕಿವಿ ಆದಮೇಲೆ ಏನಾಯ್ತು, ಹೇಳು."

ಅದೂ ನಿಜವೇ ಎನಿಸಿ ಕೆಲೇಪಿ ಅಂಗಳಕ್ಕಿಳಿದು ನಿಂತ. ಆಗ ಎಲ್ಲಿಂದಲೋ ಸಿಗ್ನಲ್ ಸಿಕ್ಕಿ ಫೋನ್ ಕಿಣಿಕಿಣಿ ಎಂದಿತು. ಆಕ್ಲೆಂಡಿಗೆ ವಿಮಾನ ಬದಲಿಸುವ ರಾಜಧಾನಿಯ ನಿಲ್ದಾಣದಿಂದ ಅಕ್ಕ ಕಳಿಸಿದ ಸಂದೇಶ. ಒತ್ತಿದ. ಮಾತೇ ಇರಲಿಲ್ಲ. ಟಕ್ ಟಕ್, ಅಷ್ಟೇ.

ಕೆಲೇಪಿ ಹುಚ್ಚು ಹಿಡಿದವನಂತೆ ಅಂಗಳವೆಲ್ಲ ಹುಡುಕಿ ಎರಡು ಚಿಪ್ಪು ಹೆಕ್ಕಿದ. ಉತ್ತರ ತುಂಬಿಸಲು ಫೋನನ್ನು ಕಲ್ಲಿನ ಮೇಲಿಟ್ಟು ಚಿಪ್ಪುಗಳನ್ನು ಎತ್ತಿ ಹಿಡಿದ. ಅವನು ಬಡಿಯುವ ಮೊದಲೇ ಜಗಲಿಯ ಕಡೆಯಿಂದ ಸದ್ದು ಬಂತು.

ಟಕ್ ಟಕ್.

ತೆಮಲೇತಿ ಅತ್ತೆ ಎರಡು ಚಿಪ್ಪು ಹಿಡಿದು ಅವನತ್ತ ನೋಡುತ್ತಾ ಕೂತಿದ್ದಳು.

"ನಾನಿದ್ದೀನಿ" ಎಂದಳು. "ಚಹಾ."